ಹನ್ನೆರಡರಿಂದ ಗುಣಿಸುವ ಮುನ್ನ

ನನ್ನದು ಅರ್ಜಿ ತುಂಬಿಕೊಡುವ ಅಂಗಡಿ. ಬಂಡವಾಳ ಒಂದು ಕಂಪ್ಯೂಟರ್, ಒಂದು ಮುಂಗೋಪ. ಮಧ್ಯಾಹ್ನ ಫ್ಯಾನು ಗುಂಯ್ ಎನ್ನುತ್ತಿದ್ದರೆ ಪರದೆಯ ಅಂಕಿಗಳು ನೀರೊಳಗಿನ ಮೀನಿನಂತೆ ತೇಲುತ್ತವೆ, ನನಗೆ ಮಂಪರು.

ಅಂಥ ಹೊತ್ತಿನಲ್ಲೇ ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕ ಬಂದಳು. ಅವಳ ಐದು ವರ್ಷದ ಮಗಳಿಗೆ ಕಿವಿ ಮಂದ. ವರ್ಷದ ಆದಾಯ ಎರಡು ಲಕ್ಷ ದಾಟದವರಿಗೆ ಕಿವಿಯ ಯಂತ್ರ ಪುಕ್ಕಟೆ ಸಿಗುತ್ತದೆ. ಹೋದ ವರ್ಷ "ದಾಟಿದೆ, ಆಗಲ್ಲ" ಎಂದು ನಾನೇ ವಾಪಸು ಕಳಿಸಿದ್ದೆ.

"ಸಂಬಳ ಅಷ್ಟೇ ಇದೆ ತಂಗಿ. ಮಿತಿ ಏನಾದ್ರೂ ಏರ್ಸಿದಾರಾ ನೋಡು."

ಮಿತಿ ಏರಿಸಿರಲಿಲ್ಲ. ಆದರೂ ಅವಳ ಸಮಾಧಾನಕ್ಕೆಂದು ಸಂಬಳದ ಚೀಟಿ ನೋಡಿ ಅರ್ಜಿಯ ಆದಾಯದ ಪೆಟ್ಟಿಗೆಯಲ್ಲಿ 16,666.60 ಎಂದು ಕುಟ್ಟಿದೆ. ಪೆಟ್ಟಿಗೆ ಕೆಂಪಾಯಿತು: ಅಂಕಿ ಮಾತ್ರ ಬರೆಯಿರಿ. ಹಾಳಾದ್ದು! ನಿದ್ದೆಗಣ್ಣಲ್ಲಿ ಅಲ್ಪವಿರಾಮವನ್ನೂ ಚುಕ್ಕಿಯನ್ನೂ ಅಳಿಸಿದೆ. ಉಳಿದದ್ದು 1666660. ಕಂಪ್ಯೂಟರ್ ಅದನ್ನು ಹನ್ನೆರಡರಿಂದ ಗುಣಿಸಿ, ಕೆಳಗೆ ವರ್ಷದ ಆದಾಯ 19999920 ಎಂದು ತೋರಿಸಿತು.

"ಎಷ್ಟದು?"

"ಎರಡು ಕೋಟಿಗೆ ಎಂಬತ್ತು ಕಮ್ಮಿ."

ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. "ಅಯ್ಯೋ, ಇರ್ಲಿ ಬಿಡೇ, ಒಂದು ಗಳಿಗೆ ಅಳಿಸ್ಬೇಡ."

ಅಳಿಸಲಿಲ್ಲ. ಆ ಒಂದು ಗಳಿಗೆ ಇಬ್ಬರೂ ಯಾವುದೋ ದೊಡ್ಡ ಮನೆಯ ಅಂಗಳದಲ್ಲಿದ್ದೆವು. ಒಳಗೆ ಮಗು ಯಾರದೋ ಕೂಗಿಗೆ ಓಗೊಡುತ್ತಿತ್ತು.

ಆಮೇಲೆ ಎಂದಿನ ನನ್ನ ಪದ್ಧತಿ: ಚಿಲ್ಲರೆ ಅರ್ಧ ಮೀರಿದರೆ ಮೇಲಕ್ಕೆ. 16667. ಕೆಳಗೆ 200004 ಬಂತು, ಅರ್ಹರಲ್ಲ ಎಂಬ ಕೆಂಪು ಸಾಲೂ ಬಂತು. ಹೋದ ವರ್ಷವೂ ಇದೇ ಸಾಲು.

ಬರೀ ನಾಲ್ಕು ರೂಪಾಯಿ! ಎಲ್ಲಿಂದ ಬಂತಪ್ಪ ಇದು? ಮಂಪರು ಹಾರಿಹೋಯಿತು. ಪೆಟ್ಟಿಗೆಯ ಪಕ್ಕದಲ್ಲಿ "ತಿಂಗಳಿಗೆ" ಎಂದಿತ್ತು. ಒತ್ತಿದರೆ "ವರ್ಷಕ್ಕೆ" ಎಂಬುದೂ ಇತ್ತು. ಇಷ್ಟು ವರ್ಷ ಅದನ್ನು ಮುಟ್ಟಿಯೇ ಇರಲಿಲ್ಲ ನಾನು. ಅದನ್ನು ಆರಿಸಿ, ಸಂಬಳವನ್ನು ಚಿಲ್ಲರೆ ಸಮೇತ ನಾನೇ ಹನ್ನೆರಡರಿಂದ ಗುಣಿಸಿದೆ: 199999.20. ಈಗ ಚಿಲ್ಲರೆ ಅರ್ಧವೂ ಇಲ್ಲ, ಬಿಟ್ಟೆ. 199999. ಹಸಿರು ಸಾಲು ಬಂತು: ಅರ್ಹರು.

ಸುಮ್ಮನಿದ್ದುಬಿಡಬಹುದಿತ್ತು, ಅವಳಿಗೆಲ್ಲಿ ತಿಳಿಯುತ್ತದೆ? ಆದರೂ ಹೇಳಿಬಿಟ್ಟೆ.

"ಅಕ್ಕಾ, ಹೋದ ವರ್ಷಾನೂ ಸಿಗ್ತಿತ್ತು. ಗುಣಿಸೋಕೆ ಮುಂಚೇನೇ ಚಿಲ್ಲರೆ ಏರಿಸ್ಬಿಟ್ಟಿದ್ದೆ. ತಪ್ಪು ನಂದು."

ಅವಳು ಹಸಿರು ಸಾಲಿನ ಮೇಲೆ ಬೆರಳಿಟ್ಟಳು.

"ಹೋದ ವರ್ಷ ಅವಳಿಗೆ ಒಂದೆರಡು ಮಾತು ಬರ್ತಿತ್ತು ಕಣೇ," ಎಂದಳು. "'ಅಮ್ಮ' ಅಂತಿದ್ಲು. ಈಗ ಅದೂ ಇಲ್ಲ."

ನನಗೆ ಅಳು ಒತ್ತರಿಸಿ ಬಂತು. ಅವಳು ಅಳಲಿಲ್ಲ. ಕೀಲಿಮಣೆಯನ್ನು ನನ್ನ ಕಡೆ ಸರಿಸಿದಳು.

"ನಿನ್ನ ಬಯ್ಯೋದು ಇದ್ದೇ ಇದೆ. ಮೊದ್ಲು ಇದನ್ನ ಕಳ್ಸು."