ಮುಳ್ಳು ಬಲಕ್ಕೇ ನಡುಗುತ್ತಿತ್ತು

ಅಕ್ಕ ಇಪ್ಪತ್ತೆರಡು ವರ್ಷ ಬೀದಿ ಬೀದಿ ಸುತ್ತಿ ಅಂಚೆ ಹಂಚಿದವಳು. ನರಗಳ ಕಾಯಿಲೆ ಮೊದಲು ಅವಳ ಕಾಲನ್ನು, ಆಮೇಲೆ ಕೈಯನ್ನು, ಕೊನೆಗೆ ಮಾತನ್ನು ಕಿತ್ತುಕೊಂಡಿತು. ಉಳಿದದ್ದು ಕಣ್ಣಿನ ನೋಟ, ಬಲಗೆನ್ನೆಯ ಒಂದಿಷ್ಟು ಅಲುಗಾಟ ಮಾತ್ರ.

ತಮ್ಮನಿಗೆ ಟಿವಿ, ರೇಡಿಯೊ ರಿಪೇರಿಯ ಅಂಗಡಿ. ಅವನು ಒಂದು ಹಲಗೆಯ ಮೇಲೆ ಅರ್ಧ ವೃತ್ತ ಎಳೆದು, ಹದಿನೆಂಟು ಮನೆ ಮಾಡಿ, ಒಂದೊಂದರಲ್ಲಿ ಒಂದೊಂದು ಮಾತು ಬರೆದ: ನೀರು, ನೋವು, ಬೇಡ, ಹೊರಗೆ, ನಿದ್ದೆ... ನಡುವೆ ಆಟಿಕೆ ವಿಮಾನಗಳಿಗೆ ಹಾಕುವ ಪುಟ್ಟ ಸರ್ವೋ ಮೋಟಾರು, ಅದಕ್ಕೊಂದು ಮುಳ್ಳು. ಮುಳ್ಳು ಮನೆಯಿಂದ ಮನೆಗೆ ಸರಿಯುತ್ತದೆ. ಅಕ್ಕ ಕೆನ್ನೆಯಿಂದ ಸ್ವಿಚ್ ಒತ್ತಿದರೆ ನಿಲ್ಲುತ್ತದೆ. ಸರ್ವೋಗೆ ಸೆಕೆಂಡಿಗೆ ಐವತ್ತು ಸಲ ಒಂದು ಪಲ್ಸ್, ಕರೆಂಟಿನ ಪುಟ್ಟ ಮಿಡಿತ, ಹೋಗಬೇಕು. ಆ ಪಲ್ಸ್ ಎಷ್ಟು ಉದ್ದವೋ ಮುಳ್ಳು ಅಷ್ಟು ಬಲಕ್ಕೆ. ಸಾವಿರದ ಐನೂರು ಮೈಕ್ರೊಸೆಕೆಂಡ್ ಕೊಟ್ಟರೆ ‘ಹೊರಗೆ’. ಇನ್ನೊಂದು ನೂರು ಸೇರಿಸಿದರೆ ಬಲಪಕ್ಕದ ಮನೆ, ‘ನಿದ್ದೆ’. ಅಂಗಡಿಯಲ್ಲಿ ನೋಡಿದಾಗ ಮುಳ್ಳು ಕಂಬದ ಹಾಗೆ ನಿಂತಿತ್ತು.

“ಅಡುಗೆಮನೇಲಿದ್ರೆ ನಂಗೆ ಗೊತ್ತೇ ಆಗಲ್ಲ ಕಣೋ, ಒಂದು ಸದ್ದು ಬರೋ ಹಾಗೆ ಮಾಡು” ಎಂದರು ಭಾವ. ಅಂಗಡಿಗೆ ಒಯ್ಯದೆ ಅಕ್ಕನ ಮನೆಯಲ್ಲೇ ಕೂತು ತಮ್ಮ ಬಜರ್ ಸೇರಿಸಿದ. ಮುಳ್ಳು ನಿಂತ ಕೂಡಲೇ ಸದ್ದು ಶುರು. ಯಾರಾದರೂ ಬಂದು ಗುಂಡಿ ಒತ್ತಿದರೆ ಸದ್ದು ನಿಂತು, ಮುಳ್ಳು ಮೊದಲ ಮನೆಗೆ ಹೋಗುತ್ತದೆ.

ಅಂದಿನಿಂದ ಮುಳ್ಳು ನಡುಗತೊಡಗಿತು.

“ನಿನ್ನ ಮೋಟಾರಿಗೆ ಚಳಿಜ್ವರ ಬಂದಿದೆ” ಎಂದು ಭಾವ ನಕ್ಕರು. ಕರೆಂಟು ಸಾಲುತ್ತಿಲ್ಲವೇನೋ ಎಂದು ಅವನು ಅದನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಹಾಕಿದ. ನಡುಕ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ಆಮೇಲೆ ನೋಡೋಣ ಎಂದುಕೊಂಡ.

ದಿನಾ ಮಧ್ಯಾಹ್ನ ಮುಳ್ಳು ‘ಹೊರಗೆ’ ಮತ್ತು ‘ನಿದ್ದೆ’ಯ ಗೆರೆಯ ಮೇಲೆ ಪತರಗುಟ್ಟುತ್ತಿತ್ತು. ಕಾಯಿಲೆಯವಳು, ಸುಸ್ತಾಗಿರಬೇಕು ಎಂದು ಭಾವ ಪರದೆ ಎಳೆದು, ಸದ್ದು ತೊಂದರೆ ಕೊಡದಿರಲಿ ಎಂದು ಯಂತ್ರವನ್ನೂ ಆರಿಸುತ್ತಿದ್ದರು. ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಈ ಕಾಯಿಲೆಯಲ್ಲಿ ಅದು ಮಾಮೂಲು ಎಂದಿದ್ದರು ಡಾಕ್ಟರು.

ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಯಂತ್ರವನ್ನು ಅಂಗಡಿಗೆ ಒಯ್ದು, ಪಲ್ಸನ್ನು ಗೆರೆಯಾಗಿ ತೋರಿಸುವ ಆಸಿಲೊಸ್ಕೋಪಿನ ಪರದೆಯ ಮೇಲೆ ನೋಡಿದ. ಬಜರ್ ಇಲ್ಲದಾಗ ಸಾವಿರದ ಐನೂರು, ಕದಲಿಕೆಯಿಲ್ಲ. ಬಜರ್ ಕೂಗಿದ ಕೂಡಲೇ ಪಲ್ಸ್ ಮುಗಿಯುವ ಅಂಚು ಮಸುಕಾಗಿ, ಅರವತ್ತು ಮೈಕ್ರೊಸೆಕೆಂಡಿನವರೆಗೆ ಬಲಕ್ಕೆ ಓಡಾಡಿತು. ತಪ್ಪು ಅವನದೇ. ಪಲ್ಸ್ ಮುಗಿಸುವುದಕ್ಕೂ ಬಜರ್ ಕೂಗಿಸುವುದಕ್ಕೂ ಅವನು ಒಂದೇ ಟೈಮರಿನ ಇಂಟರಪ್ಟುಗಳನ್ನು, ಪ್ರೋಗ್ರಾಮನ್ನು ನಡುವೆ ತಡೆದು ಕರೆಯುವ ಸೂಚನೆಗಳನ್ನು, ಬಳಸಿದ್ದ. ಯಂತ್ರದೊಳಗಿನ ಚಿಪ್ ನಿಧಾನದ್ದು. ಅದು ಬಜರಿನ ಕೆಲಸದಲ್ಲಿರುವಾಗ ಪಲ್ಸ್ ಮುಗಿಸುವ ಹೊತ್ತು ಬಂದರೆ ಪಲ್ಸ್ ಕಾಯಬೇಕು. ಕಾದಷ್ಟೂ ಉದ್ದವಾಗುತ್ತದೆ.

ಉದ್ದವಾಗುತ್ತದೆ. ಯಾವತ್ತೂ ಗಿಡ್ಡವಾಗುವುದಿಲ್ಲ.

ಮುಳ್ಳು ‘ನಿದ್ದೆ’ಯಿಂದ ಎಡಕ್ಕೆ, ‘ಹೊರಗೆ’ಯ ಕಡೆಗೆ, ತಪ್ಪಲು ಸಾಧ್ಯವೇ ಇರಲಿಲ್ಲ. ಅವಳು ಕೇಳಿದ್ದು ನಿದ್ದೆಯನ್ನಲ್ಲ.

ಪಲ್ಸನ್ನು ಟೈಮರ್ ತಾನಾಗಿಯೇ ನಡೆಸುವ ಪಿನ್ನಿಗೆ ಕೊಟ್ಟ. ಅಲ್ಲಿ ಪಲ್ಸ್ ಮುಗಿಸಲು ಪ್ರೋಗ್ರಾಮಿಗೆ ಕಾಯಬೇಕಿಲ್ಲ. ಬಜರನ್ನು ಇನ್ನೊಂದು ಟೈಮರಿಗೆ ದಾಟಿಸಿದ. ಪರದೆಯ ಮೇಲಿನ ಅಂಚು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮನೆಗೆ ಬಂದು ಭಾವನಿಗೆ ಹೇಳಿದ. ಅವರು ಹೋಗಿ ಕಿಟಕಿಯ ಪರದೆ ಸರಿಸಿದರು.

“ಹನ್ನೊಂದು ದಿನ. ಹೊರಗೆ ಕರ್ಕೊಂಡು ಹೋಗಿ ಅಂದ್ಲು. ನಾನು ಕತ್ತಲೆ ಮಾಡಿ ಬಾಯಿ ಮುಚ್ಚಿಸ್ತಿದ್ದೆ.”

“ನೀವಲ್ಲ ಭಾವ, ನಾನು.”

ಅವನು ಅಕ್ಕನ ಮಂಚದ ಪಕ್ಕ ಕೂತ. “ಅಕ್ಕಾ, ತಪ್ಪಾಯ್ತು. ಮುಳ್ಳು ಸುಳ್ಳು ಹೇಳ್ತಿತ್ತು. ಈಗ ಸರಿ ಮಾಡಿದೀನಿ.” ಮುಳ್ಳು ಸರಿಯತೊಡಗಿತು. ಕೆನ್ನೆ ಅಲುಗಿತು. ಮುಳ್ಳು ‘ನೀರು’ ಎಂಬಲ್ಲಿ ನಿಂತಿತು, ನಿಶ್ಚಲವಾಗಿ. ಅವನು ಚಮಚದಲ್ಲಿ ಕುಡಿಸಿದ.

ಮಧ್ಯಾಹ್ನ ಅವಳು ‘ಹೊರಗೆ’ ಎಂದಳು. ಇಬ್ಬರೂ ಸೇರಿ ಗಾಲಿಕುರ್ಚಿಯನ್ನು ಮೂರು ಮೆಟ್ಟಿಲು ಇಳಿಸಿದರು. ಬೀದಿಯ ಕೊನೆಯವರೆಗೂ ಅವಳ ಕಣ್ಣು ಪ್ರತಿ ಮನೆಯ ಬಾಗಿಲನ್ನೂ ಮುಟ್ಟಿ ಬಂತು. ಹಾಗೆ ಏಳು ಮಧ್ಯಾಹ್ನ ಸಿಕ್ಕವು. ಎಂಟನೆಯ ದಿನ ಮುಳ್ಳು ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹೋಗಿ ಬಂದರೂ ಕೆನ್ನೆ ಅಲುಗಲಿಲ್ಲ. ಮೂರು ವಾರದಲ್ಲಿ ಅವಳು ತೀರಿಕೊಂಡಳು.

ಮಾತಾಡಿಸಲು ಬಂದ ನೆರೆಯವರೊಬ್ಬರು ಹಲಗೆ ನೋಡಿ, “ಒಡಹುಟ್ಟಿದವನು ಅಂದ್ರೆ ಹೀಗಿರ್ಬೇಕು. ಕೊನೇವರೆಗೂ ಅವಳಿಗೆ ಮಾತು ಕೊಟ್ಟೆ” ಎಂದರು. ತಮ್ಮ ಏನೋ ಹೇಳಲು ಬಾಯಿ ತೆರೆದ. ಭಾವ ತಲೆಯಾಡಿಸಿ ಬೇಡವೆಂದರು. ಅವನು ಎದ್ದು, ಬಂದವರು ಕುಡಿದಿಟ್ಟ ಲೋಟಗಳನ್ನು ತೆಗೆದುಕೊಂಡು ತೊಳೆಯಲು ಒಳಗೆ ಹೋದ.