ಇಪ್ಪತ್ತೆಂಟನೆಯ ಮಹಡಿಯ ಬಿಲ್ಲೆ

ಕೆಲಸಗಾರರ ಬಾಯಲ್ಲಿ ಅವಳು ಲೆಕ್ಕದಮ್ಮ. ನಲವತ್ತು ಮಹಡಿಯ ಈ ಕಟ್ಟಡಕ್ಕೆ ಬೆಂಕಿ ಆರಿಸುವ ನೀರಿನ ಲೆಕ್ಕವೆಲ್ಲ ಅವಳದೇ. ಸದಾ ನೀರು ತುಂಬಿಕೊಂಡು ನಿಲ್ಲುವ ಪೈಪು, ಪ್ರತಿ ಮಹಡಿಗೊಂದು ಒತ್ತಡ ಇಳಿಸುವ ವಾಲ್ವು, ನೆಲಮಾಳಿಗೆಯಲ್ಲಿ ಪಂಪು. ಪೈಪು ಹಾಕಿಸಿದ ಗುತ್ತಿಗೆದಾರ ಅವಳ ಅಕ್ಕನ ಗಂಡ. ಇವತ್ತು ಅವಳು ಸಹಿ ಹಾಕಿದರೆ ನಾಳಿದ್ದು ಜನ ಮನೆಗಳಿಗೆ ಬರುತ್ತಾರೆ.

ಭಾವ ಅವಳನ್ನು ನೇರ ನಲವತ್ತನೆಯ ಮಹಡಿಗೆ ಕರೆದೊಯ್ದಿದ್ದ. ಅಲ್ಲಿ ನೀರು ಹರಿಯುವಾಗ ಒತ್ತಡದ ಮಾಪಕ ಮೂರೂವರೆ ಬಾರ್ ತೋರಿಸಿತು. ಬೇಕಾದ್ದೂ ಅಷ್ಟೇ. ಊಟಕ್ಕೆ ಹೊರಡೋಣ ಅಂದ. ಅವಳು ಮೆಟ್ಟಿಲಿಳಿದು ಇಪ್ಪತ್ತೆಂಟರ ವಾಲ್ವು ತೆರೆಸಿದಳು. ಮೊದಲು ಬಂದದ್ದು ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ನೀರು. ಆಮೇಲೂ ಒತ್ತಡ ಎರಡೂಕಾಲು ಬಾರ್ ದಾಟಲಿಲ್ಲ. ನೀರು ಮುಪ್ಪಿನವರ ಜೊಲ್ಲಿನಂತೆ ಕೆಳಕ್ಕೆ ಬಾಗಿತು. ಎರಡನೆಯ ಮಹಡಿಯಲ್ಲಿ ಹತ್ತು ಬಾರ್. ಮಿತಿ ಏಳು. ಕೊಳವೆ ಹಿಡಿದ ಫಿಟ್ಟರು ನೀರಿನ ರಭಸಕ್ಕೆ ಗೋಡೆಗೆ ಬಡಿದು, ಮೊಣಕೈ ಉಜ್ಜಿಕೊಳ್ಳುತ್ತಾ ಕೂತ.

ಅವಳಿಗೆ ಅಲ್ಲೇ ಅರ್ಥವಾಯಿತು: ವಾಲ್ವುಗಳು ಅದಲುಬದಲಾಗಿವೆ. ಕೆಳಗೆ ಹದಿನೈದು ಬಾರ್ ಮೀರಿದ ಒತ್ತಡ ಬರುತ್ತದೆ, ಅಲ್ಲಿಯ ವಾಲ್ವು ಅದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಬೇಕು. ಇಪ್ಪತ್ತೆಂಟಕ್ಕೆ ಬರುವುದೇ ಏಳೂವರೆ, ಅಲ್ಲಿ ಸ್ವಲ್ಪ ಇಳಿಸಿದರೆ ಸಾಕು. ಅದಕ್ಕೇ ಕಾರ್ಖಾನೆಯವರು ಒಂದೊಂದು ವಾಲ್ವನ್ನೂ ಅದರ ಮಹಡಿಗೆ ತಕ್ಕಂತೆ ಮಾಡಿ, ಮಹಡಿಯ ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆ ಕಟ್ಟಿ ಕಳಿಸಿದ್ದರು. ಈಗ ಯಾವುದರಲ್ಲೂ ಬಿಲ್ಲೆಯಿಲ್ಲ.

"ಬಣ್ಣ ಬಳಿಯೋಕೆ ಅಡ್ಡ ಬಂತು ಅಂತ ಕಿತ್ತಿದ್ವಿ ಅಮ್ಮಾ," ಅಂದ ಫಿಟ್ಟರು. "ನೋಡೋಕೆ ಎಲ್ಲಾ ಒಂದೇ ಥರ ಇದ್ವು."

ಆಫೀಸಿನಲ್ಲಿ ಭಾವ ಕೋಳಿ ಕಾಲು ಚೀಪುತ್ತಾ ಅವಳ ಅಳತೆಗಳನ್ನೆಲ್ಲ ಕೇಳಿಸಿಕೊಂಡ. ಎಣ್ಣೆ ಗಲ್ಲದವರೆಗೂ ಇಳಿದಿತ್ತು.

"ಪಂಪಿನ ಒತ್ತಡ ನಾಲ್ಕು ಬಾರ್ ಏರಿಸಿಬಿಡು. ಇಪ್ಪತ್ತೆಂಟು ಸರಿಹೋಗುತ್ತೆ."

"ಎರಡನೇ ಮಹಡೀಲಿ ಹದಿಮೂರಾಗುತ್ತೆ ಭಾವ. ಕೊಳವೆ ಹಿಡಿದವನನ್ನ ಎತ್ತಿ ಒಗೆಯುತ್ತೆ. ನಲವತ್ತರಲ್ಲೂ ಏಳು ದಾಟುತ್ತೆ. ಪಂಪು ಸರಿಯಾಗೇ ಇದೆ, ನಿಮಿಷಕ್ಕೆ ಎರಡು ಸಾವಿರದ ಇನ್ನೂರೆಂಬತ್ತು ಲೀಟರು, ನೂರೆಂಬತ್ತು ಮೀಟರು ಎತ್ತರಕ್ಕೆ ತಳ್ಳುತ್ತೆ. ವಾಲ್ವು ಬಿಚ್ಚಿ, ಒಂದೊಂದನ್ನೂ ಪರೀಕ್ಷೆ ಮಾಡಿ ಹಾಕಬೇಕು."

"ನಾಳೆ ಬರೋ ಅಗ್ನಿಶಾಮಕ ಸಾಹೇಬರು ತುದಿ ಮಹಡಿ ನೋಡ್ತಾರೆ, ಹೋಗ್ತಾರೆ. ನೀನೊಬ್ಬಳು ಮೂಗು ತೂರಿಸಬೇಡ. ನಿಮ್ಮಕ್ಕ ಇಲ್ಲಿಯ ಗೃಹಪ್ರವೇಶಕ್ಕೆ ಬರೋಕೆ ಸೀರೆ ತೆಗೆದಿಟ್ಟಿದ್ದಾಳೆ."

ಜಿಡ್ಡು ಕೈಯಲ್ಲೇ, ಅವಳು ಸಹಿ ಹಾಕಬೇಕಾದ ಕಾಗದವನ್ನು ಅವಳತ್ತ ತಳ್ಳಿದ. ಬೆರಳಚ್ಚು ಸಹಿಯ ಜಾಗದಲ್ಲೇ ಮೂಡಿತು. ಕಾಗದ ಹಾರದಿರಲೆಂದು ಮೇಲಿಟ್ಟದ್ದು ಅವನ ಕಾರಿನ ಕೀಲಿ. ಕೀಲಿಗೆ ಹಿತ್ತಾಳೆ ಬಿಲ್ಲೆ: ೨೮.

ಅವಳು ಅದನ್ನು ಬೆರಳಿನಿಂದ ತಿರುಗಿಸಿ ನೋಡಿದಳು.

"ಚೆನ್ನಾಗಿತ್ತು ಕಣೇ, ಒಂದು ಇಟ್ಕೊಂಡೆ," ಅಂದ ಭಾವ, ಮೂಳೆ ಕಡಿಯುತ್ತಾ.

ಅವಳು ಕೀಲಿಯಿಂದ ಬಿಲ್ಲೆ ಬಿಚ್ಚಿದಳು. ಆ ಕಾಗದದ ಮೇಲೆಯೇ ಬರೆದಳು: ಇಪ್ಪತ್ತೆಂಟರಲ್ಲಿ ಎರಡೂಕಾಲು, ಎರಡರಲ್ಲಿ ಹತ್ತು, ವಾಲ್ವುಗಳು ಅದಲುಬದಲು, ಜನ ಬರಕೂಡದು. ಜಿಡ್ಡಿನ ಕಲೆಯನ್ನು ಬಿಟ್ಟು ಅದರ ಕೆಳಗೆ ಸಹಿ ಹಾಕಿದಳು. ಇನ್ನು ನಮ್ಮ ಮನೆ ಹೊಸ್ತಿಲು ತುಳಿಯಬೇಡ ಅಂತ ಭಾವ ಹಿಂದಿನಿಂದ ಹೇಳುತ್ತಲೇ ಇದ್ದ. ಅವಳು ನಲ್ಲಿಯಲ್ಲಿ ಬಿಲ್ಲೆಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಕಾಗದದ ಜೊತೆ ಲಕೋಟೆಗೆ ಹಾಕಿ, ಅಗ್ನಿಶಾಮಕ ಠಾಣೆಯ ಕಡೆ ನಡೆದಳು.