ಸಬ್ಬಕ್ಕಿ ಆರುವ ಮೊದಲು

ಪೆಟ್ಟಿಗೆಯ ಮುಚ್ಚಳವನ್ನು ಮೂರು ಸಲ ತೆಗೆಸಿದರು. ಮೊದಲ ಸಲ ತೆಗೆದಾಗ ಸ್ಪರ್ಧಿಗಳ ಮುಖದಲ್ಲಿ ನಿಜವಾದ ಗಾಬರಿಯಿತ್ತು, ಆದರೆ ಅಷ್ಟು ಹೊತ್ತಿಗೆ ಒಂದು ವಿಮಾನ ಇಳಿದು ಧ್ವನಿಮುದ್ರಣ ಕೆಟ್ಟಿತು. ವಿಮಾನ ನಿಲ್ದಾಣದ ದಾರಿಯ ಹುಣಸಮಾರನಹಳ್ಳಿಯ ಹಿಂದಿನ ಗೋದಾಮೊಂದನ್ನು ಸ್ಟುಡಿಯೋ ಮಾಡಿಕೊಂಡವರಿಗೆ ಇದೆಲ್ಲ ಮೊದಲೇ ಗೊತ್ತಿರಬೇಕಿತ್ತು. ಎರಡನೆಯ ಸಲ ಸ್ಪರ್ಧಿಗಳಲ್ಲೊಬ್ಬನಾದ ಗೋಕುಲ್ ನಕ್ಕುಬಿಟ್ಟ. ಮೂರನೆಯ ಸಲಕ್ಕೆ ಎಲ್ಲರೂ ಒಟ್ಟಿಗೆ ಬೆರಗಾದರು, ಚಿತ್ರೀಕರಣದ ಫ್ಲೋರ್ ನೋಡಿಕೊಳ್ಳುವ ಪುನೀತ್ "ಓಕೆ" ಎಂದ.

ಪೆಟ್ಟಿಗೆಯಲ್ಲಿ ಇದ್ದದ್ದು ನಾಲ್ಕು: ಹಲಸಿನ ಬೀಜ, ನುಗ್ಗೆಸೊಪ್ಪು, ನೈಲಾನ್ ಸಬ್ಬಕ್ಕಿ, ಕಪ್ಪು ಚಾಕೊಲೇಟು. ಅವನ್ನು ಜೋಡಿಸಿದವಳು ನಾನೇ. ಈ ಟೀವಿ ಅಡುಗೆ ಸ್ಪರ್ಧೆಯ ಅಡುಗೆ ವಿಭಾಗದಲ್ಲಿ ನನ್ನ ಕೆಲಸ ಅದು. ಪ್ರತಿ ಪೆಟ್ಟಿಗೆಯನ್ನೂ ಹಿಂದಿನ ವಾರ ನಾವೇ ಅಡುಗೆ ಮಾಡಿ ನೋಡುತ್ತೇವೆ, ಒಂದು ಗಂಟೆಯಲ್ಲಿ ಇವು ನಾಲ್ಕೂ ಒಂದು ತಟ್ಟೆಗೆ ಬರುತ್ತವೆಯೇ ಎಂದು. ಯಾರಿಗೆ ಯಾವುದು ಒಗ್ಗುವುದಿಲ್ಲ, ಯಾರು ಮಾಂಸ ಮುಟ್ಟುವುದಿಲ್ಲ ಎಂದು ಮೊದಲೇ ಕೇಳಿರುತ್ತೇವೆ. ಎಲ್ಲರ ಪೆಟ್ಟಿಗೆಯೂ ಒಂದೇ ತೂಕ. ನಾನು ಎರಡೆರಡು ಸಲ ತೂಗುತ್ತೇನೆ. ಆಮೇಲೂ ನನಗೆ ಸಮಾಧಾನವಿರುವುದಿಲ್ಲ.

ನಾಲ್ಕೂ ತಟ್ಟೆಯ ಮೇಲೆ ಇರಲೇಬೇಕು, ಒಂದು ಬಿಟ್ಟರೂ ಅಂಕ ಹೋಗುತ್ತದೆ. ಉಗ್ರಾಣದಿಂದ ಎಣ್ಣೆ, ಮಸಾಲೆ, ಹಾಲು, ತರಕಾರಿ ಏನು ಬೇಕಾದರೂ ತರಬಹುದು, ಆದರೆ ಗಂಟೆ ಬಾರಿಸಿದ ಕ್ಷಣ ಕೈ ಮೇಲಕ್ಕೆತ್ತಬೇಕು. ಬಾಣಲೆಯಲ್ಲಿ ಉಳಿದದ್ದು ಲೆಕ್ಕಕ್ಕಿಲ್ಲ. ಟೀವಿಯಲ್ಲಿ ಬಹಳಷ್ಟು ಸುಳ್ಳಿದೆ, ಗಡಿಯಾರದಲ್ಲಿ ಮಾತ್ರ ಇಲ್ಲ. ವಿಮಾನ ಬಂದರೂ ಅದು ನಿಲ್ಲುವುದಿಲ್ಲ.

ಆರು ಜನ ಸ್ಪರ್ಧಿಗಳಲ್ಲಿ ನಾನು ಕಣ್ಣಿಟ್ಟದ್ದು ಪಾರವ್ವನವರ ಮೇಲೆ. ಅಟ್ಟೂರಿನಲ್ಲಿ ಮನೆ, ಮೂಲ ಬಾಗಲಕೋಟೆಯ ಕಡೆ. ಆಯ್ಕೆಯ ಸುತ್ತಿಗೆ ಮನೆಯಲ್ಲೇ ಮಾಡಿದ ಅಡುಗೆಯನ್ನು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಎಲ್ಲರೂ ಹಾಗೆಯೇ ತರುತ್ತಾರೆ. ನಮ್ಮ ಕಣ್ಣೆದುರು ಅವರು ಒಲೆ ಹಚ್ಚುತ್ತಿರುವುದು ಇದೇ ಮೊದಲು. ಬೆಳಿಗ್ಗೆ ನನ್ನ ಹತ್ತಿರ ಹೇಳಿದ್ದರು: "ನಮ್ಮ ಮನ್ಯಾವ್ರು ಸಂಜೀಕ ಬಸ್ ಸ್ಟ್ಯಾಂಡಿಗೆ ಬರ್ತೀನಿ ಅಂದಾರ, ಕರ್ಕೊಂಡು ಹೋಗಾಕ. ಮೊದಲ್ನೇ ದಿನಾನ ಹೊರಗ ಹಾಕ್ತಾರ ಅಂತ ಅವರಿಗೆ ಖಾತ್ರಿ. ನಾ ಎಂಟು ದಿನದ ಸೀರಿ ತಂದೀನ್ರಿ." ಈ ದಿನ ಒಬ್ಬರು ಹೊರಗೆ ಹೋಗುವುದು ನಿಶ್ಚಯವಾಗಿತ್ತು.

ಅವರ ಪಕ್ಕದ ಒಲೆ ಗೋಕುಲನದು. ಇದೇ ಊರಿನ ಹಳೆಯ ಮನೆತನದ ಹುಡುಗ, ಯಲಹಂಕದಲ್ಲಿ ಜಿಮ್ ನಡೆಸುತ್ತಾನೆ.

"ಆಂಟಿ, ಏನ್ ಮಾಡ್ತಿದೀರ?"

"ಸಾಬೂದಾಣಿ ಹುಗ್ಗಿ. ಖಾರದ್ದು. ನೀ ಏನೋ ತಮ್ಮಾ?"

"ನಂದು ಫ್ಯೂಷನ್ ಆಂಟಿ. ನಂಗೇ ಗೊತ್ತಿಲ್ಲ."

"ಬೀಜ ಬೇಸಿದಿ?"

"ಬೇಯ್ತಾವೆ ಬಿಡಿ."

"ಕುಕ್ಕರಿಗೆ ಹಾಕೋ. ಅವು ಜಿಮ್ಮಿನ ಸಾಮಾನು ಇದ್ದಂಗ ಅದಾವ."

ಪಾರವ್ವ ಕೆಲಸವನ್ನು ಸರಿಯಾಗಿ ಹಂಚಿಕೊಂಡಿದ್ದರು. ಬೀಜ ಕುಕ್ಕರಿನಲ್ಲಿ, ಸಬ್ಬಕ್ಕಿ ಬಿಸಿನೀರಿನಲ್ಲಿ. ಚಾಕೊಲೇಟನ್ನು ಹುಣಸೆಹಣ್ಣು, ಒಣಮೆಣಸಿನಕಾಯಿಯ ಜೊತೆ ಕುದಿಸಿ ಗೊಜ್ಜು ಮಾಡಿದರು. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಾವು ಪರೀಕ್ಷೆ ಮಾಡುವಾಗ ಆ ಚಾಕೊಲೇಟನ್ನು ಪಾಯಸಕ್ಕೆ ಹಾಕಿ ಕೆಡಿಸಿದ್ದೆವು. ಆದರೆ ಅವರು ಒಂದು ಸಲವೂ ರುಚಿ ನೋಡಲಿಲ್ಲ. ಉಪ್ಪನ್ನು ಹಬೆಯ ವಾಸನೆಯಲ್ಲೇ ಅಳೆಯುತ್ತಿದ್ದರು.

ಮುಕ್ಕಾಲು ಗಂಟೆಯಾದ ಮೇಲೆ ತೀರ್ಪುಗಾರರು ಒಲೆಗಳ ನಡುವೆ ನಡೆಯತೊಡಗಿದರು. ಹೋಟೆಲಿನ ಶೆಫ್ ವಿಜಯ್ ಕುಮಾರ್, ಆರ್.ಟಿ. ನಗರದಲ್ಲಿ ಮದುವೆ ಅಡುಗೆ ಹಿಡಿಯುವ ಅಕ್ಬರಿ ಮೇಡಂ, ಪತ್ರಿಕೆಗಳಿಗೆ ಊಟದ ಬಗ್ಗೆ ಬರೆಯುವ ರಮಾ. ಮನೆಯಲ್ಲಿ ಕೂತು ನೋಡುವವರು ಇದನ್ನು ಕುಶಲೋಪರಿ ಎಂದುಕೊಳ್ಳುತ್ತಾರೆ. ಮುಖ್ಯವಾದ ರುಚಿ ನೋಡುವುದು ಆಗಲೇ. ಗಂಟೆ ಬಾರಿಸಿದ ಮೇಲೆ ತಟ್ಟೆಗಳನ್ನು ಬೆಳಕಿಗಿಟ್ಟು ಮೇಲಿನಿಂದ, ಪಕ್ಕದಿಂದ, ಹತ್ತಿರದಿಂದ ಚಿತ್ರ ತೆಗೆಯುತ್ತಾರೆ. ಆರು ತಟ್ಟೆಗೆ ಎರಡು ಗಂಟೆ ಹಿಡಿಯುತ್ತದೆ. ತೀರ್ಪಿನ ಮೇಜಿಗೆ ಬರುವಷ್ಟರಲ್ಲಿ ಎಲ್ಲವೂ ತಣ್ಣಗೆ. ಅದಕ್ಕೇ ಬಿಸಿ ತುತ್ತನ್ನು ಒಲೆಯ ಬಳಿಯೇ ತಿಂದು, ಮೂವರೂ ಪರಸ್ಪರ ಮಾತಾಡದೆ ರುಚಿಯ ಅಂಕ ಬರೆದುಬಿಡುತ್ತಾರೆ. ಹತ್ತಕ್ಕೆ ಅದು. ಪೆಟ್ಟಿಗೆಯ ಸಾಮಾನು ಬಳಸಿದ್ದಕ್ಕೆ ಐದು, ನೋಟಕ್ಕೆ ಐದು, ಇವು ಮೇಜಿನ ಬಳಿ. ಬಿಸಿ ತುತ್ತು ಸಿಗದಿದ್ದರೆ ರುಚಿಯ ಅಂಕವೂ ಮೇಜಿನ ಬಳಿಯೇ, ತಣ್ಣಗಿನ ತಟ್ಟೆಯಿಂದ.

ಒಲೆಯ ಬಳಿಯ ಈ ಅಂಕದ ಮಾತನ್ನು ನಾವು ಸ್ಪರ್ಧಿಗಳಿಗೆ ಹೇಳಿರಲಿಲ್ಲ. "ತೀರ್ಪುಗಾರರು ನಿಮ್ಮ ಒಲೆಯ ಬಳಿ ಬರಬಹುದು" ಎಂದಷ್ಟೇ ಹೇಳಿದ್ದೆವು. ಬಂದವರಿಗೆ ಯಾರಾದರೂ ಚಮಚ ಕೊಡದೆ ಇರುತ್ತಾರೆಯೇ ಎಂದು ನಮ್ಮ ಎಣಿಕೆ.

ಶೆಫ್ ಚಮಚ ಹಿಡಿದು ಬಂದರು. ಪಾರವ್ವ ಪಾತ್ರೆಯ ಮೇಲೆ ಮುಚ್ಚಳ ಇಟ್ಟರು.

"ಎಡಿ ಆಗಿಲ್ರಿ ಇನ್ನೂ."

"ಏನಾಗಿಲ್ಲ?"

"ದೇವ್ರಿಗೆ ಎಡಿ. ನೈವೇದ್ಯ ಆಗೂತನ ನಾವೂ ರುಚಿ ನೋಡಂಗಿಲ್ಲ, ಯಾರಿಗೂ ಕೊಡಂಗಿಲ್ಲ. ಊಟಕ್ಕ ಕುಂದರ್ತೀರಲ್ರಿ ಆಮ್ಯಾಲ, ಆವಾಗ ನೀಡ್ತೀನಿ, ಹೊಟ್ಟಿ ತುಂಬ."

ಶೆಫ್ ನಕ್ಕು, ಚಮಚ ಕೆಳಗಿಟ್ಟು ಗೋಕುಲನ ಕಡೆ ನಡೆದರು. ನನ್ನ ಕಿವಿಯ ಇಯರ್‌ಪೀಸಿನಲ್ಲಿ ನಿರ್ದೇಶಕರ ಧ್ವನಿ ಕೇಳಿಸಿತು: "ಚೆನ್ನಾಗಿದೆ ಕಣ್ರೀ. ಮುಚ್ಚಳದ್ದು ಕ್ಲೋಸಪ್ ಸಿಕ್ತಾ?"

ಸಬ್ಬಕ್ಕಿ ಆರಿದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಪರೀಕ್ಷೆಯ ದಿನ ಅದು ತಟ್ಟೆಗೆ ಅಂಟಿಕೊಂಡು, ತಟ್ಟೆಯನ್ನು ತಲೆಕೆಳಗು ಮಾಡಿದರೂ ಬೀಳದೆ ನಿಂತಿತ್ತು. ಎರಡು ಗಂಟೆಯ ನಂತರ ಪಾರವ್ವ ನೀಡುವ ಊಟ ಗೋಡೆಗೆ ಪೋಸ್ಟರ್ ಹಚ್ಚಲು ಆಗುವಂಥದ್ದು.

ಸ್ಪರ್ಧಿಗಳ ಹತ್ತಿರ ತೀರ್ಪಿನ ವಿಷಯ ಎತ್ತಿದರೆ ನನ್ನನ್ನು ಆ ದಿನವೇ ಕಳಿಸುತ್ತಾರೆ. ನಿಯಮ ನೋಡಿಕೊಳ್ಳುವವರು ಮೊಯಿನುದ್ದೀನ್ ಸಾಹೇಬರು. ಎಲ್ಲರಿಗೂ ಒಂದೇ ನ್ಯಾಯ ಸಿಗುತ್ತಿದೆಯೇ ಎಂದು ನೋಡುವುದಕ್ಕೆಂದೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿರುತ್ತಾರೆ. ಅವರ ಬಳಿ ಹೋದೆ.

"ಸರ್, ಪಾರವ್ವನವರಿಗೆ ಈ ತುತ್ತಿಗೇ ಅಂಕ ಅಂತ ಗೊತ್ತಿಲ್ಲ."

"ಬೇರೆಯವ್ರಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಅನ್ಯಾಯ ಎಲ್ಲಿದೆ? ಯಾರಿಗೂ ಗೊತ್ತಿಲ್ಲ, ಸಮಾನ."

"ಬೇರೆಯವರು ಗೊತ್ತಿಲ್ಲದೆಯೂ ಕೊಡ್ತಾರೆ ಸರ್. ಇವರು ಗೊತ್ತಿಲ್ಲದೆ ಕೊಡಲ್ಲ. ಗೊತ್ತಿದ್ದೂ ಕೊಡದಿದ್ದರೆ ಅದು ಅವರಿಷ್ಟ."

ಅವರು ಗಡಿಯಾರ ನೋಡಿದರು. "ಒಬ್ರಿಗೆ ಹೇಳೋ ಹಾಗಿಲ್ಲ. ಹೇಳಿದ್ರೆ ಆರೂ ಜನಕ್ಕೆ, ಒಂದೇ ಮಾತು. ಯಾರ ಹೆಸ್ರೂ ಇರಬಾರ್ದು, ಯಾವ ಅಡುಗೆ ಹೆಸ್ರೂ ಇರಬಾರ್ದು. ನೀವೇ ಹೇಳ್ಕೊಡಿ, ನಾನು ಮೈಕಲ್ಲಿ ಹೇಳ್ತೀನಿ. ಬೇಗ."

ಮಾತು ಜೋಡಿಸುವಾಗ ನಾನು "ಬಿಸಿ" ಎಂಬ ಪದವನ್ನು ಎರಡು ಸಲ ಸೇರಿಸಿ ಎರಡು ಸಲ ತೆಗೆದೆ. ಅದು ಸಬ್ಬಕ್ಕಿಯ ಹುಗ್ಗಿ ಮಾಡುತ್ತಿರುವವರಿಗೆ ಸುಳಿವಾದೀತೆಂದು ಭಯ. ಕೊನೆಗೆ ಸಾಹೇಬರು ಮೈಕಿನಲ್ಲಿ ಹೇಳಿದ್ದು ಇಷ್ಟು: "ಎಲ್ಲಾ ಸ್ಪರ್ಧಿಗಳ ಗಮನಕ್ಕೆ. ತೀರ್ಪುಗಾರರು ಒಲೆಯ ಬಳಿ ರುಚಿ ನೋಡಿದ್ದಕ್ಕೆ ರುಚಿಯ ಅಂಕ ಕೊಡುತ್ತಾರೆ. ಅಲ್ಲಿ ನೋಡದಿದ್ದವರಿಗೆ ಮಾತ್ರ ಆ ಅಂಕ ಮೇಜಿನ ಬಳಿ."

ಗಡಿಯಾರದಲ್ಲಿ ಎಂಟು ನಿಮಿಷ ಉಳಿದಿತ್ತು.

ಪಾರವ್ವ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತರು. ಎಣ್ಣೆಯಲ್ಲಿ ನುಗ್ಗೆಸೊಪ್ಪು ಗರಿಗರಿಯಾಗುತ್ತಿತ್ತು, ಅದನ್ನು ಎತ್ತಿ ಕಾಗದದ ಮೇಲೆ ಹಾಕಿದರು. ಆಮೇಲೆ ಪುನೀತನನ್ನು ಕೇಳಿದರು:

"ತಮ್ಮಾ, ದೇವ್ರು ಎಲ್ಲಿ ಅದಾನ ಇಲ್ಲಿ?"

ಪುನೀತ ಕಿವಿಯಲ್ಲಿದ್ದುದನ್ನು ಮುಟ್ಟಿಕೊಂಡ. "ಅಮ್ಮಾ?"

"ಮುಂಜಾನಿ ಕ್ಯಾಮೆರಾಕ್ಕ ಪೂಜಾ ಮಾಡಿದ್ರೆಲ್ಲ. ಆ ಗಣಪ್ಪ ಎಲ್ಲಿ?"

ಗಣಪತಿಯ ಫೋಟೋ ನಿರ್ದೇಶಕರು ಚಿತ್ರೀಕರಣ ನೋಡುವ ಟೀವಿ ಪರದೆಗಳ ಹಿಂದೆ, ನೀರಿನ ಕ್ಯಾನಿನ ಮೇಲೆ ಇತ್ತು. ಪಾರವ್ವ ಬಟ್ಟಲಿಗೆ ಒಂದು ಸೌಟು ಹುಗ್ಗಿ ಹಾಕಿಕೊಂಡು, ಮೂರು ಕ್ಯಾಮೆರಾಗಳ ಎದುರು ಹಾದು ಹೊರಟರು. ಗೋಕುಲ್ ಕೂಗಿದ: "ಆಂಟಿ, ಪ್ಯಾಂಟ್ರಿ ಈ ಕಡೆ."

"ಸಾರ್, ಒಲೆ ಬಿಟ್ಟು ಹೋಗಬಹುದಾ?" ಎಂದು ಪುನೀತ ಮೊಯಿನುದ್ದೀನ್ ಸಾಹೇಬರನ್ನು ಕೇಳಿದ.

"ಉಗ್ರಾಣಕ್ಕೆ ಮಾತ್ರ ಅಂತಿದೆ." ಸಾಹೇಬರು ಆ ಬಟ್ಟಲನ್ನು ನೋಡಿದರು. "ಗಣಪತಿ ಹತ್ರ ಸಾಮಾನೇನೂ ತಗೋತಿಲ್ಲ, ಕೊಡ್ತಿದಾರೆ. ಹೋಗ್ಲಿ. ಗಡಿಯಾರ ಓಡ್ತಿರಲಿ."

ಪರದೆಗಳ ಹಿಂದೆ ನಿರ್ದೇಶಕರು ಎದ್ದು ಜಾಗ ಬಿಟ್ಟರು. ಪಾರವ್ವ ಬಟ್ಟಲಿಟ್ಟು, ಸುತ್ತ ನೀರು ಸುತ್ತಿ, ಕಣ್ಣು ಮುಚ್ಚಿದರು. ಮೇಲೆ ವಿಮಾನ ಹೋಯಿತು. ಅವರಿಗೆ ಅವಸರವಿದ್ದಂತೆ ಕಾಣಲಿಲ್ಲ. ಅವಸರವೆಲ್ಲ ನನ್ನ ಪಾಲಿಗೆ ಬಂದಿತ್ತು.

ವಾಪಸು ಬಂದು ಮೂವರು ತೀರ್ಪುಗಾರರಿಗೂ ಬೇರೆ ಬೇರೆ ಬಟ್ಟಲಿನಲ್ಲಿ, ಚಮಚಕ್ಕೆ ಬದಲು ಸೌಟಿನ ತುಂಬ ನೀಡಿದರು. "ಉಣ್ರಿ. ತುಪ್ಪ ಇನ್ನಷ್ಟು ಹಾಕ್ಲಿ?" ಅಕ್ಬರಿ ಮೇಡಂ ಹಾಕಿಸಿಕೊಂಡರು. ಅವರು ಎಲ್ಲಿಯೂ ಎರಡನೆಯ ತುತ್ತು ತೆಗೆದುಕೊಳ್ಳುವವರಲ್ಲ, ಇಡೀ ದಿನ ಆರು ಜನರದ್ದು ತಿನ್ನಬೇಕಾದವರು ನಾಲಿಗೆ ಉಳಿಸಿಕೊಳ್ಳಬೇಕು. ಆವತ್ತು ಬಟ್ಟಲು ಖಾಲಿಯಾಯಿತು. ಮೂವರೂ ಬೆನ್ನು ತಿರುಗಿಸಿ ಅಂಕ ಬರೆದು ಸಾಹೇಬರಿಗೆ ಕೊಟ್ಟರು.

ಪಾರವ್ವ ತಟ್ಟೆಗೆ ಹುಗ್ಗಿ ಹಾಕಿ, ಪಕ್ಕದಲ್ಲಿ ಗೊಜ್ಜು ಬಿಟ್ಟು, ನುಗ್ಗೆಸೊಪ್ಪಿಗೆ ಕೈಚಾಚುವಾಗ ಗಂಟೆ ಬಾರಿಸಿತು. ಕೈ ಮೇಲೆ ಹೋಯಿತು, ಸೊಪ್ಪು ಕಾಗದದ ಮೇಲೆ ಉಳಿಯಿತು.

ಎರಡು ಗಂಟೆಯ ನಂತರ ಮೇಜಿನ ಬಳಿ ಹುಗ್ಗಿ ನಾನು ಹೆದರಿದ್ದ ರೂಪಕ್ಕೆ ಬಂದಿತ್ತು. ಶೆಫ್ ಚಮಚ ಚುಚ್ಚಿದಾಗ ಚಮಚ ನಿಂತಿತು. ಆದರೂ ಒಲೆಯ ಬಳಿ ತಿಂದದ್ದನ್ನು ನೆನಪಿಸಿಕೊಂಡು ಕ್ಯಾಮೆರಾದ ಮುಂದೆ ಚಪ್ಪರಿಸಬೇಕು, ಚಪ್ಪರಿಸಿದರು. ದೂರದಲ್ಲಿ ನಿಂತಿದ್ದ ಪಾರವ್ವ ಮುಖ ಬೇರೆ ಕಡೆ ತಿರುಗಿಸಿದರು. "ಇಂಥಾದ್ದು ತಿನಸ್ತಾರೇನ್ರಿ ಬಂದವರಿಗೆ," ಎಂದು ನನ್ನ ಬಳಿ ಮೆಲ್ಲಗೆ ಹೇಳಿದರು. "ಬಿಸಿ ಮಾಡಿ ಕೊಡ್ಲಿ?"

"ತಟ್ಟೆ ಮುಟ್ಟೋ ಹಾಗಿಲ್ಲಮ್ಮ."

ಪೆಟ್ಟಿಗೆಯ ಅಂಕದಲ್ಲಿ ಮೂವರೂ ಕಳೆದರು. ನಾಲ್ಕರಲ್ಲಿ ಒಂದು ತಟ್ಟೆಯಲ್ಲೇ ಇಲ್ಲ. ನೋಟಕ್ಕೂ ಏನೂ ಸಿಗಲಿಲ್ಲ, ಬಿಳಿ ಗುಡ್ಡೆಗೆ ಯಾರು ಕೊಡುತ್ತಾರೆ. ಕೊನೆಗೆ ಅಂಕದ ಪಟ್ಟಿಯ ಕೆಳಗೆ ಉಳಿದವರು ಇಬ್ಬರು, ಪಾರವ್ವ ಮತ್ತು ಗೋಕುಲ್. ಗೋಕುಲನ ತಟ್ಟೆ ಚಿತ್ರದಂತೆ ಇತ್ತು, ನಾಲ್ಕು ಸಾಮಾನೂ ಇದ್ದವು. ಒಲೆಯ ಬಳಿ ರಮಾ ಅವನ ಹಲಸಿನ ಬೀಜ ಕಚ್ಚಿದ ಸದ್ದು ಮಾತ್ರ ಧ್ವನಿಮುದ್ರಣದವರಿಗೂ ಕೇಳಿಸಿತ್ತು.

ಎಲ್ಲ ಕೂಡಿದಾಗ ಪಾರವ್ವ ಎರಡು ಅಂಕ ಮೇಲೆ, ಹೊರಗೆ ಹೋಗುವವನು ಗೋಕುಲ್. ಬಿಸಿ ತುತ್ತಿನ ಅಂಕಗಳೇ ಅವರನ್ನು ಎತ್ತಿದ್ದವು.

"ಆಂಟಿ, ನೀವು ಗಣಪತಿನ ಪ್ಯಾನಲ್‌ಗೆ ಸೇರಿಸ್ಕೊಂಡ್ರಿ ಕಣ್ರೀ. ನಾನು ಮೂರೇ ಜನ ಅನ್ಕೊಂಡಿದ್ದೆ," ಎಂದ ಗೋಕುಲ್, ಏಪ್ರನ್ ಬಿಚ್ಚುತ್ತ.

"ಬೀಜ ಬೇಸೋ ಅಂದಿದ್ನೆಲ್ಲೋ ತಮ್ಮಾ."

ಅವನು ಬಗ್ಗಿ ಅವರ ಕಾಲು ಮುಟ್ಟಿದ. ನಿರ್ದೇಶಕರು ಅದನ್ನು ಇನ್ನೊಂದು ಸಲ ಮಾಡಿಸಿದರು, ಕ್ಯಾಮೆರಾ ಇನ್ನೊಂದು ಕಡೆ ಇಡಿಸಿ.

ಬಳಿಕ ಪಾರವ್ವನವರನ್ನು ಕ್ಯಾಮೆರಾ ಮುಂದೆ ಕೂರಿಸಿ, ಉಳಿದುಕೊಂಡದ್ದಕ್ಕೆ ಹೇಗನ್ನಿಸುತ್ತಿದೆ ಎಂದು ಪುನೀತ ಕೇಳಿದ. ಕಣ್ಣೊರೆಸಿಕೊಳ್ಳಲಿ ಎಂದು ಮೇಜಿನ ಮೇಲೆ ಟಿಶ್ಯೂ ಇಟ್ಟಿದ್ದರು. ಅವರು ಟಿಶ್ಯೂವಿನಿಂದ ಕೈಗೆ ಹತ್ತಿದ ಗೊಜ್ಜು ಒರೆಸಿಕೊಂಡು, ಕ್ಯಾಮೆರಾ ಬಿಟ್ಟು ನನ್ನ ಕಡೆ ನೋಡಿದರು.

"ನಾಳಿನೂ ಹಿಂಗ ಒಲಿ ಹತ್ರಾನ ಬಂದು ತಿಂತಾರೇನ್ರಿ ಅವರು?"

ಮೊಯಿನುದ್ದೀನ್ ಸಾಹೇಬರು ನನ್ನತ್ತ ನೋಡಿದರು. ಮೈಕಿನಲ್ಲಿ ಆರೂ ಜನರಿಗೆ ಹೇಳಿಯಾದ ಮಾತು, ಇನ್ನು ಅದು ಗುಟ್ಟಲ್ಲ ಎಂದು ನನಗೆ ನಾನೇ ಖಾತ್ರಿ ಮಾಡಿಕೊಂಡೆ.

"ಹೌದಮ್ಮ. ಪ್ರತಿ ಸುತ್ತಿನಲ್ಲೂ."

"ಹಂಗಾದ್ರ ಎರಡು ಬೋಗಾಣಿ ಕೊಡ್ರಿ ನಂಗ. ದೇವ್ರದ್ದು ಸಣ್ಣದ್ರಾಗ ಮೊದ್ಲ ಮಾಡಿ ಇಟ್ಟುಬಿಡ್ತೀನಿ. ಆ ಫೋಟೋನೂ ಸ್ವಲ್ಪ ಹತ್ರ ತರಸ್ರಿ."